ವೈಫೈ ಪಾಸ್‌ವರ್ಡಿಗೆ ತಿಂಗಳ ಲೆಕ್ಕ ಬೇಡ, ಜನರ ಲೆಕ್ಕ ಬೇಕು

ಭಾಗ 1/10

"ಪ್ರತಿ ತಿಂಗಳು ಒಂದನೇ ತಾರೀಕಿಗೆ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ, ಸುರಕ್ಷಿತವಾಗಿರಿ." ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರ್ತದೆ. ಕೆಳಗೆ ಎರಡು ಕೈಮುಗಿದ ಚಿತ್ರ, ಒಂದು ಗುಲಾಬಿ. ನಮ್ಮ ಗ್ರೂಪಿನಲ್ಲಿ ಅದನ್ನು ನಿಜವಾಗಿ ಪಾಲಿಸಿದ್ದು ಒಬ್ಬರೇ, ನನ್ನ ಮಾವ.

ಮಾವ ಬಿ.ಸಿ. ರೋಡಿನಲ್ಲಿ ಇರುದು. ಅಜ್ಜಿ ಬೆಳ್ತಂಗಡಿಯಿಂದ ಒಳಗೆ, ಘಟ್ಟದ ಬುಡದಲ್ಲಿ, ಒಬ್ಬರೇ. ಮಾವ ತಿಂಗಳಿಗೊಮ್ಮೆ ಹೋಗಿ ದಿನಸಿ, ಮಾತ್ರೆ ಕೊಟ್ಟು ಬರ್ತಾರೆ. ಬರುವ ಮೊದಲು ವೈಫೈ ಪಾಸ್‌ವರ್ಡ್ ಬದಲಿಸ್ತಾರೆ. ಹೊಸ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಡ್ತಾರೆ.

ಕಳೆದ ಆಟಿ ತಿಂಗಳು ಒಂದು ಭಾನುವಾರ ಹಾಗೇ ಬದಲಿಸಿದರು. ತಮ್ಮ ಫೋನಿಗೆ ಹಾಕಿದರು, ಟಿವಿಗೆ ಹಾಕಿದರು, ಮಳೆ ಜೋರಾಗುವ ಮೊದಲು ಹೊರಟರು. ಅಂಗಳದ ಕ್ಯಾಮೆರಾಕ್ಕೆ ಹಾಕಲು ಮರೆತರು. ಅಜ್ಜಿಯ ಫೋನಿಗೂ ಮರೆತರು.

ಅಜ್ಜಿ ಮನೆಯ ಒಳಗೆ ಯಾವ ಸಿಮ್ಮಿಗೂ ನೆಟ್‌ವರ್ಕ್ ಇಲ್ಲ. ಕಾಲ್ ಬರುದು, ಹೋಗುದು ಎಲ್ಲ ವೈಫೈ ಕಾಲಿಂಗಿನಲ್ಲಿ. ಅಂದ್ರೆ ಆ ಮನೆಗೆ ವೈಫೈ ಅಂದ್ರೆ ರೀಲ್ಸ್ ಅಲ್ಲ, ಫೋನೇ ಅದು.

ಸೋಮವಾರ ಅಮ್ಮ ಕಾಲ್ ಮಾಡಿದರು. ವ್ಯಾಪ್ತಿ ಪ್ರದೇಶದ ಹೊರಗೆ. "ಮಳೆ ಅಲ್ವಾ, ಕರೆಂಟ್ ಹೋಗಿರ್ಬೇಕು" ಅಂತ ಸುಮ್ಮನಾದರು. ನಾನೂ ಸುಮ್ಮನಾದೆ. ಕ್ಯಾಮೆರಾ ಆ್ಯಪ್ ತೆರೆದರೆ ಆಫ್‌ಲೈನ್. ಅದಕ್ಕೂ ಅದೇ ಕಾರಣ ಅಂದುಕೊಂಡೆವು.

ಆ ಸೋಮವಾರ ಸಂಜೆ ಅಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಮಂಗಳವಾರ ಬೆಳಗ್ಗೆ ಹಾಲಿನ ಸೊಸೈಟಿಗೆ ಹೋಗುವ ಪಕ್ಕದ ಮನೆಯವರು ನೋಡುವ ತನಕ ಯಾರಿಗೂ ಗೊತ್ತಿಲ್ಲ. ಒಂದಿಡೀ ರಾತ್ರಿ ಕಾಲು ಊದಿಸಿಕೊಂಡು ಚಾವಡಿಯಲ್ಲಿ ಕೂತಿದ್ದರು, ಕೈಯಲ್ಲಿ ಫೋನ್ ಹಿಡಿದುಕೊಂಡು.

ಮೂಳೆ ಮುರಿದಿರಲಿಲ್ಲ, ಉಳುಕು ಮಾತ್ರ. ಅಜ್ಜಿ ಹೇಳಿದ್ದು ಇಷ್ಟೇ: "ಮಗಾ, ಫೋನಿಗೆ ಎಂತದೋ ಆಗಿದೆ, ಯಾರಿಗೂ ಹೋಗುದಿಲ್ಲ."

ಫೋನಿಗೆ ಎಂತದೂ ಆಗಿರಲಿಲ್ಲ. ಆಗಿದ್ದು ನಮ್ಮ ತಲೆಗೆ.

---

ಭಾಗ 2/10

ಮಾವನನ್ನು ಬೈಯಲಿಕ್ಕೆ ಈ ಸರಣಿ ಅಲ್ಲ. ಮಾವ ಒಳ್ಳೆಯದಕ್ಕೇ ಮಾಡಿದ್ದು. ನನ್ನ ಸಿಟ್ಟು ಆ ನಿಯಮದ ಮೇಲೆ. ಯಾರೂ ಪ್ರಶ್ನೆ ಮಾಡದ, ಎಲ್ಲರೂ ಫಾರ್ವರ್ಡ್ ಮಾಡುವ "ತಿಂಗಳಿಗೊಮ್ಮೆ" ಎಂಬ ನಿಯಮ.

ಈ ನಿಯಮ ಎಲ್ಲಿಂದ ಬಂತು ಗೊತ್ತುಂಟಾ? ಹುಟ್ಟಿದ್ದು ಆಫೀಸಿನ ಕಂಪ್ಯೂಟರುಗಳಿಗೆ. 2004ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಪಾಸ್‌ವರ್ಡಿನ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಬರೆದವರು ಬಿಲ್ ಬರ್ ಎಂಬವರು. ದೊಡ್ಡಕ್ಷರ, ಅಂಕಿ, ಚಿಹ್ನೆ ಹಾಕಿ, ಆಗಾಗ ಬದಲಿಸಿ ಎಂಬ ಪದ್ಧತಿ ಅಲ್ಲಿಂದ ಜಗತ್ತಿನ ಕಚೇರಿಗಳಿಗೆಲ್ಲ ಹಬ್ಬಿತು. 2017ರಲ್ಲಿ ಅದೇ ಬಿಲ್ ಬರ್, ತಾನು ಬರೆದಿದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಇದೆ ಎಂದು ಪತ್ರಿಕೆಗೆ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗಸೂಚಿಯನ್ನು ತಿರುಗಿಸಿ ಬರೆಯಿತು: ಅವಧಿ ಮುಗಿಯಿತು ಎಂಬ ಒಂದೇ ಕಾರಣಕ್ಕೆ ಬದಲಿಸಲು ಒತ್ತಾಯಿಸಬೇಡಿ, ಸೋರಿದ ಪುರಾವೆ ಇದ್ದರೆ ಮಾತ್ರ ಬದಲಿಸಿ.

ಯಾಕೆ ತಿರುಗಿಸಿದರು? ಮನುಷ್ಯರು ಬದಲಿಸುವ ರೀತಿಯಿಂದ. 2010ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು, ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಿದ್ದ ಸಾವಿರಾರು ಹಳೆಯ ಖಾತೆಗಳನ್ನು ಪರೀಕ್ಷಿಸಿದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ, 17% ಖಾತೆಗಳಲ್ಲಿ ಹೊಸದನ್ನು ಐದಕ್ಕಿಂತ ಕಡಿಮೆ ಊಹೆಯಲ್ಲಿ ಹಿಡಿಯಬಹುದಿತ್ತು.

ನಂಬಿಕೆ ಬರಲಿಲ್ವಾ? ಅಜ್ಜಿ ಮನೆಯ ಕ್ಯಾಲೆಂಡರ್ ನೋಡಿ:

```
Ajjimane@05
Ajjimane@06
Ajjimane@07
```

ಮೇ, ಜೂನ್, ಜುಲೈ. ಆಗಸ್ಟಿಗೆ ಎಂತ ಬರ್ತದೆ ಅಂತ ನಿಮಗೂ ಗೊತ್ತಾಯ್ತಲ್ಲ? ಕಳ್ಳನಿಗೂ ಗೊತ್ತಾಗ್ತದೆ ಮಾರಾಯ್ರೆ. ಗೊತ್ತಾಗದೆ ಹೊರಗೆ ಉಳಿದದ್ದು ಅಜ್ಜಿ ಒಬ್ಬರೇ.

---

ಭಾಗ 3/10

ಹಾಗಾದ್ರೆ ಬದಲಿಸುದೇ ಬೇಡವಾ? ಬೇಕು. ಆದರೆ ಯಾವಾಗ ಅಂತ ಕೇಳಿದರೆ ನಮಗೆ, ಬಿಕಾಂನವರಿಗೆ, ಉತ್ತರ ಮೊದಲೇ ಗೊತ್ತಿರಬೇಕಿತ್ತು.

ಪಾಲುದಾರಿಕೆ ಸಂಸ್ಥೆಯ ಅಧ್ಯಾಯ ನೆನಪು ಮಾಡಿ. ಸಂಸ್ಥೆಯ ಪುನಾರಚನೆ ಯಾವಾಗ ಆಗ್ತದೆ? ಹೊಸ ಪಾಲುದಾರ ಸೇರಿದಾಗ, ಒಬ್ಬ ನಿವೃತ್ತನಾದಾಗ, ಒಬ್ಬ ತೀರಿಹೋದಾಗ. ಮಾರ್ಚ್ 31 ಬಂತು ಅಂತ ಯಾರೂ ಪಾಲುದಾರಿಕೆ ಪತ್ರ ಹರಿದು ಹೊಸದು ಬರೆಯುವುದಿಲ್ಲ. ಲೆಕ್ಕ ಮುಗಿಸುದಕ್ಕೆ ತಾರೀಕು ಸಾಕು, ಪುನಾರಚನೆಗೆ ಘಟನೆ ಬೇಕು.

ಮನೆಯ ವೈಫೈ ಪಾಸ್‌ವರ್ಡ್ ಕೂಡ ಪಾಲುದಾರಿಕೆಯೇ. ಗೊತ್ತಿರುವವರೆಲ್ಲ ಪಾಲುದಾರರು. ಇದು ಇನ್‌ಸ್ಟಾಗ್ರಾಂ ಪಾಸ್‌ವರ್ಡಿನ ಹಾಗೆ ಒಬ್ಬರ ಗುಟ್ಟು ಅಲ್ಲ. ಮನೆಮಂದಿ, ಬಾಡಿಗೆಯವರು, ಟಿವಿ, ಕ್ಯಾಮೆರಾ, ಪ್ರಿಂಟರ್, ಎಲ್ಲರಿಗೂ ಒಂದೇ ಬೀಗದ ಕೈ. ಅದಕ್ಕೇ ಬದಲಿಸುವ ಖರ್ಚು ಇಲ್ಲಿ ಹೆಚ್ಚು. ಇನ್‌ಸ್ಟಾ ಪಾಸ್‌ವರ್ಡ್ ಬದಲಿಸಿದರೆ ತೊಂದರೆ ನಿಮಗೊಬ್ಬರಿಗೆ. ಇದನ್ನು ಬದಲಿಸಿದರೆ ಮನೆಯ ಪ್ರತಿ ಪೆಟ್ಟಿಗೆಗೂ ಹೊಸದಾಗಿ ಹೇಳಿಕೊಡಬೇಕು, ಅದರಲ್ಲಿ ಒಂದನ್ನು ಮರೆಯುವುದು ಖಂಡಿತ.

1932ರ ಪಾಲುದಾರಿಕೆ ಕಾಯ್ದೆಯ 32ನೇ ಕಲಮಿನಲ್ಲಿ ಇನ್ನೊಂದು ಮಾತು ಉಂಟು. ನಿವೃತ್ತನಾದರೂ ಸಾರ್ವಜನಿಕ ಪ್ರಕಟಣೆ ಕೊಡುವ ತನಕ ಹೊರಗಿನವರ ಮಟ್ಟಿಗೆ ಹೊಣೆ ಮುಂದುವರಿಯುತ್ತದೆ. ವೈಫೈಯಲ್ಲೂ ಹಾಗೆಯೇ. ಬಾಡಿಗೆಯವ ಮನೆ ಖಾಲಿ ಮಾಡಿದ್ದು ನಿಮಗೆ ಗೊತ್ತು, ಓನರ್‌ಗೆ ಗೊತ್ತು. ರೂಟರ್‌ಗೆ ಗೊತ್ತಿಲ್ಲ. ಪಾಸ್‌ವರ್ಡ್ ಬದಲಿಸುವುದೇ ರೂಟರ್‌ಗೆ ಕೊಡುವ ಪ್ರಕಟಣೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡೇ.

ಒಂದು: ಈ ಪಾಸ್‌ವರ್ಡ್ ಗೊತ್ತಿರುವವರಲ್ಲಿ, ಇನ್ನು ಮುಂದೆ ಗೊತ್ತಿರಬಾರದವರು ಯಾರಾದರೂ ಇದ್ದಾರಾ?

ಎರಡು: ಯಾರೂ ಹೇಳದೆಯೇ ಇದನ್ನು ಊಹಿಸಬಹುದಾ?

ಎರಡಕ್ಕೂ ಇಲ್ಲ ಅಂತಾದರೆ ಐದು ವರ್ಷ ಇಟ್ಟರೂ ತೊಂದರೆ ಇಲ್ಲ. ಒಂದಕ್ಕೆ ಹೌದಾದರೂ ಮುಂದಿನ ಒಂದನೇ ತಾರೀಕಿಗೆ ಕಾಯಬಾರದು, ಇವತ್ತೇ ಬದಲಿಸಬೇಕು.

---

ಭಾಗ 4/10

ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳುವ, ಯಾಕಂದ್ರೆ ನಮ್ಮ ಊರಿನಲ್ಲಿ ಹೆಚ್ಚಿನವರು ಸೋಲುದು ಇಲ್ಲೇ.

ಫೈಬರ್ ಹಾಕಲು ಬಂದ ಹುಡುಗ ಕೇಳ್ತಾನೆ, "ಪಾಸ್‌ವರ್ಡ್ ಎಂತ ಇಡುದು?" ಅಪ್ಪ ಹೇಳ್ತಾರೆ, "ನನ್ನ ಮೊಬೈಲ್ ನಂಬರೇ ಇಡು, ನೆನಪಿರ್ತದೆ." ಬಂಟ್ವಾಳದಿಂದ ಮೂಡುಬಿದಿರೆ ತನಕ ಎಷ್ಟು ಮನೆಯಲ್ಲಿ ಕೇಳಿದ್ದೇನೆ ಈ ಸಂಭಾಷಣೆ.

ಈಗ ಲೆಕ್ಕ ಮಾಡುವ. ನಿಮ್ಮ ಫೋನ್ ವೈಫೈಗೆ ಸೇರುವಾಗ ರೂಟರ್ ಜೊತೆ ಒಂದು ಸಣ್ಣ ಪರಿಚಯದ ಮಾತುಕತೆ ನಡೆಯುತ್ತದೆ. ಡಬ್ಲ್ಯುಪಿಎ2 ಎಂಬ ಈಗಿನ ಸಾಮಾನ್ಯ ವಿಧಾನದಲ್ಲಿ, ಆ ಮಾತುಕತೆಯನ್ನು ರಸ್ತೆಯಲ್ಲಿ ನಿಂತವನೂ ಹಿಡಿದುಕೊಳ್ಳಬಹುದು. ಅದರಲ್ಲಿ ಪಾಸ್‌ವರ್ಡ್ ನೇರವಾಗಿ ಇರುವುದಿಲ್ಲ. ಆದರೆ ಒಂದು ಊಹೆ ಸರಿಯಾ ತಪ್ಪಾ ಎಂದು ತಾಳೆ ನೋಡಲು ಬೇಕಾದಷ್ಟು ಇರುತ್ತದೆ. ಆಮೇಲೆ ಅವನು ನಿಮ್ಮ ಮನೆ ಹತ್ತಿರ ಇರಬೇಕಂತಲೂ ಇಲ್ಲ, ತನ್ನ ಕಂಪ್ಯೂಟರಿನಲ್ಲಿ ಕೂತು ಊಹೆ ಮಾಡುತ್ತಾ ಹೋಗಬಹುದು. ಗೇಮ್ ಆಡುವ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೆ ಸೆಕೆಂಡಿಗೆ 5 ಲಕ್ಷ ಊಹೆ ಅಂತ ಇಟ್ಟುಕೊಳ್ಳಿ.

ನಮ್ಮ ಮೊಬೈಲ್ ನಂಬರ್ ಹತ್ತು ಅಂಕಿ, ಶುರುವಾಗುದು 6, 7, 8 ಅಥವಾ 9ರಿಂದ. ಒಟ್ಟು ಸಾಧ್ಯತೆ 400 ಕೋಟಿ. ಭಾಗಿಸಿ ನೋಡಿ: 8,000 ಸೆಕೆಂಡ್. ಎರಡೂಕಾಲು ಗಂಟೆಯೂ ಬೇಡ, ಎಲ್ಲ ನಂಬರುಗಳೂ ಮುಗೀತು. ಹುಟ್ಟಿದ ದಿನಾಂಕದ ಎಂಟು ಅಂಕಿ ಅಂತಾದರೆ ಎಲ್ಲ ಎಂಟಂಕಿಗಳೂ ಸೇರಿ 10 ಕೋಟಿ, 200 ಸೆಕೆಂಡ್. ಒಂದು ಚಾ ಕುಡಿಯುವಷ್ಟೂ ಹೊತ್ತಿಲ್ಲ.

ಈಗ 26 ಇಂಗ್ಲಿಷ್ ಸಣ್ಣಕ್ಷರಗಳಿಂದ ಚೀಟಿ ಎತ್ತಿ, ಪ್ರತಿ ಸಲವೂ ಚೀಟಿ ವಾಪಸ್ ಹಾಕಿ, 12 ಅಕ್ಷರ ಬರೆದುಕೊಳ್ಳಿ. ಅದೇ ಕಾರ್ಡಿಗೆ ಎಲ್ಲವನ್ನೂ ಪ್ರಯತ್ನಿಸಲು ಸುಮಾರು 6,000 ವರ್ಷ ಬೇಕು.

ಮೊಬೈಲ್ ನಂಬರನ್ನು ತಿಂಗಳಿಗೊಮ್ಮೆ ಬದಲಿಸಿ ಇನ್ನೊಬ್ಬರ ಮೊಬೈಲ್ ನಂಬರ್ ಇಟ್ಟರೆ ಎಂತ ಲಾಭ? ಪ್ರತಿ ತಿಂಗಳು ಎರಡೂಕಾಲು ಗಂಟೆಯ ಬೀಗ. ಒಂದು ಸಲ ಸರಿಯಾದದ್ದು ಇಟ್ಟರೆ ತಾರೀಕಿನ ಪ್ರಶ್ನೆಯೇ ಇಲ್ಲ.

---

ಭಾಗ 5/10

ಇನ್ನು ಮೊದಲ ಪ್ರಶ್ನೆ: ಯಾರಿಗೆಲ್ಲ ಗೊತ್ತು? ಇದಕ್ಕೆ ಮೂಡುಬಿದಿರೆಗೆ ಬರಬೇಕು.

ನನ್ನ ಫ್ರೆಂಡ್ ಒಬ್ಬ ಮೂಡುಬಿದಿರೆಯ ಪಿಜಿಯಲ್ಲಿ ಇದ್ದಾನೆ. ಹದಿನಾಲ್ಕು ಹುಡುಗರು, ಒಂದು ರೂಟರ್. ರಾತ್ರಿ ಒಂಬತ್ತಾದರೆ ನೆಟ್ ನಿಲ್ಲುತ್ತದೆ, ಅಸೈನ್‌ಮೆಂಟ್ ಅಪ್‌ಲೋಡ್ ಆಗುದಿಲ್ಲ. ಎಲ್ಲರೂ ಕಂಪನಿಗೆ ಬೈದರು, ಓನರ್ ಅಂಕಲ್ ಪ್ಲಾನ್ ಹೆಚ್ಚು ಮಾಡಿದರು, ತಿಂಗಳ ಬಾಡಿಗೆಗೆ ನೂರು ರೂಪಾಯಿ ಸೇರಿಸಿದರು. ಆದರೂ ಅದೇ ಕತೆ.

ಕೊನೆಗೆ ಇವನು ರೂಟರ್ ಪುಟ ತೆರೆದು ಸೇರಿಕೊಂಡ ಸಾಧನಗಳ ಪಟ್ಟಿ ನೋಡಿದ. ಹುಡುಗರ ಫೋನು, ಲ್ಯಾಪ್‌ಟಾಪ್ ಎಲ್ಲ ಲೆಕ್ಕ ಹಾಕಿದರೆ 23 ಆಗಬೇಕು. ಪಟ್ಟಿಯಲ್ಲಿ 41.

ಕಳ್ಳರು ಯಾರೂ ಅಲ್ಲ. ಮಾರ್ಚಿನಲ್ಲಿ ಕೋರ್ಸ್ ಮುಗಿಸಿ ಹೋದ ಸೀನಿಯರ್ಸ್ ಪಕ್ಕದ ಓಣಿಯಲ್ಲೇ ರೂಂ ಮಾಡಿದ್ದರು. ಅವರ ರೂಮ್‌ಮೇಟ್ಸ್. ಅವರ ಗೆಳೆಯರು. ಹೇಗೆ ಹಬ್ಬಿತು? ಕ್ಯೂಆರ್ ಕೋಡಿನಿಂದ.

ಇದನ್ನು ಸರಿಯಾಗಿ ಓದಿ, ಯಾಕಂದ್ರೆ ನಾವೆಲ್ಲ ದಿನಾ ಮಾಡುವ ತಪ್ಪು. ಫೋನಿನಲ್ಲಿ ವೈಫೈ ಶೇರ್ ಒತ್ತಿದರೆ ಬರುವ ಆ ಕಪ್ಪು ಚೌಕದೊಳಗೆ ಯಾವ ಗುಟ್ಟೂ ಇಲ್ಲ. ಇರುದು ಹೀಗೆ ಬರೀ ಅಕ್ಷರ:

```
WIFI:T:WPA;S:PG_Mane;P:welcome2023;;
```

`P:` ಆದಮೇಲೆ ಇರುದು ಪಾಸ್‌ವರ್ಡ್, ಹಸಿಹಸಿಯಾಗಿ. ಅದಕ್ಕೆ ಅವಧಿ ಇಲ್ಲ, ಒಮ್ಮೆ ಮಾತ್ರ ಬಳಸಬಹುದು ಎಂಬ ನಿಯಮವೂ ಇಲ್ಲ. ಎದುರು ನಿಂತವನಿಗೆ ತೋರಿಸುದು ಬೇರೆ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರೆ ಪಾಸ್‌ವರ್ಡನ್ನು ಗ್ರೂಪಿನಲ್ಲಿ ಟೈಪ್ ಮಾಡಿದ ಹಾಗೆಯೇ. ಆ ಚಿತ್ರ ಮೂರು ವರ್ಷ ಗ್ಯಾಲರಿಯಲ್ಲಿ ಇರ್ತದೆ.

"ಬೇಡದವರನ್ನು ಬ್ಲಾಕ್ ಮಾಡಿದರಾಯ್ತಲ್ಲ" ಅಂತೀರಾ? ಈಗಿನ ಫೋನುಗಳು ವೈಫೈಗೆ ತಮ್ಮ ನಿಜವಾದ ಗುರುತಿನ ಸಂಖ್ಯೆ ಕೊಡದೆ ಬದಲಿ ಸಂಖ್ಯೆ ಕೊಡುತ್ತವೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಬದಲಿಸಿದರೆ ಬ್ಲಾಕ್ ಆದವ ಹೊಸ ಹೆಸರಿನಲ್ಲಿ ವಾಪಸ್. ಪಾಸ್‌ವರ್ಡ್ ಬದಲಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

---

ಭಾಗ 6/10

"ಯಾರೋ ಸ್ವಲ್ಪ ನೆಟ್ ಬಳಸಿದರೆ ಎಂತ ಹೋಗ್ತದೆ?" ಈ ಉದಾರಿಗಳಿಗೂ ಒಂದು ಮಾತು.

2008ರ ಜುಲೈ 26. ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಗುವ ಕೆಲವೇ ನಿಮಿಷ ಮೊದಲು ಟಿವಿ ವಾಹಿನಿಗಳಿಗೆ ಒಂದು ಇಮೇಲ್ ಹೋಯಿತು. ಅದು ಹೊರಟ ಜಾಡು ಹಿಡಿದು ತನಿಖೆ ಮಾಡುವವರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಕೆನ್ ಹೇವುಡ್ ಎಂಬ ಅಮೆರಿಕದವರ ಮನೆಗೆ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಬೇರೆಯವರು ಅದನ್ನು ಬಳಸಿದ್ದರು. ಮನುಷ್ಯ ಇಮೇಲ್ ಕಳಿಸಿರಲಿಲ್ಲ. ಆದರೂ ಕಂಪ್ಯೂಟರ್ ಪೊಲೀಸರ ಕೈಗೆ ಹೋಯಿತು, ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರಪಡಿಸುವ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ಇಷ್ಟು ದೊಡ್ಡದು ನಮ್ಮ ಮನೆಯಲ್ಲಿ ಆಗ್ತದೆ ಅಂತ ಹೆದರಿಸುದು ನನ್ನ ಉದ್ದೇಶ ಅಲ್ಲ. ಅರ್ಥ ಮಾಡಿಕೊಳ್ಳಬೇಕಾದ್ದು ಒಂದೇ. ಹೊರಗಿನಿಂದ ನೋಡುವವರಿಗೆ ನಿಮ್ಮ ವೈಫೈಯಲ್ಲಿರುವ ಹತ್ತು ಜನ ಹತ್ತು ಜನರಾಗಿ ಕಾಣುವುದಿಲ್ಲ. ಒಂದೇ ಸಂಪರ್ಕ, ಒಂದೇ ಹೆಸರು: ಬಿಲ್ ಕಟ್ಟುವವರದ್ದು. ಪಕ್ಕದ ಓಣಿಯ ಹುಡುಗ ಯಾರಿಗೋ ಬೆದರಿಕೆ ಮೆಸೇಜ್ ಹಾಕಿದರೆ ಮೊದಲು ಬಾಗಿಲು ತಟ್ಟುದು ನಿಮ್ಮ ಅಪ್ಪನದ್ದು.

ಹಾಗೆಯೇ ಅತಿಯಾಗಿ ಹೆದರುದೂ ಬೇಡ. ವೈಫೈ ಪಾಸ್‌ವರ್ಡ್ ಗೊತ್ತಾದ ಮಾತ್ರಕ್ಕೆ ನಿಮ್ಮ ಯುಪಿಐ ಪಿನ್ನೋ ಬ್ಯಾಂಕ್ ಆ್ಯಪ್ಪೋ ತೆರೆಯುವುದಿಲ್ಲ, ಅವು ತಮ್ಮದೇ ಬೀಗ ಹಾಕಿಕೊಂಡು ಓಡುತ್ತವೆ. ನಿಜವಾಗಿ ತೆರೆದುಕೊಳ್ಳುದು ಮನೆಯೊಳಗಿನ ಪೆಟ್ಟಿಗೆಗಳು: ಕಂಪನಿಯ ಹಳೆಯ ಪಾಸ್‌ವರ್ಡಿನಲ್ಲೇ ಇರುವ ಕ್ಯಾಮೆರಾ, ಪ್ರಿಂಟರ್, ಮತ್ತೆ `admin` ಎಂದು ಟೈಪ್ ಮಾಡಿದರೆ ಬಾಗಿಲು ತೆರೆಯುವ ರೂಟರ್. ರೂಟರ್ ಪುಟದ ಪಾಸ್‌ವರ್ಡ್ ವೈಫೈಯದ್ದಕ್ಕಿಂತ ಬೇರೆ. ಅದನ್ನು ಪೆಟ್ಟಿಗೆ ಮನೆಗೆ ಬಂದ ದಿನವೇ ಒಮ್ಮೆ ಬದಲಿಸಿ.

---

ಭಾಗ 7/10

ಈಗ ನಮ್ಮ ಬಂಟ್ವಾಳದ ಮನೆಯ ಒಂದು ವರ್ಷದ ಲೆಕ್ಕ ಬಿಚ್ಚಿಡ್ತೇನೆ. ಘಟನೆ ಆರು. ಬದಲಿಸಿದ್ದು ಮೂರು ಸಲ.

ಏಪ್ರಿಲ್. ಅಕ್ಕನ ನಿಶ್ಚಿತಾರ್ಥ, ಮನೆತುಂಬ ನೆಂಟರು, ಲೈವ್ ಮಾಡುವ ವಿಡಿಯೊದವರು. ಎಲ್ಲರಿಗೂ ಕೊಟ್ಟದ್ದು ಅತಿಥಿ ವೈಫೈ. ಮರುದಿನ ಅದನ್ನು ಆಫ್ ಮಾಡಿದೆವು. ಮುಖ್ಯ ಪಾಸ್‌ವರ್ಡ್ ಬದಲಿಸಲಿಲ್ಲ.

ಮೇ. ಸಿಡಿಲು. ನಮ್ಮ ಕಡೆ ಮಳೆ ಶುರುವಾಗುವ ಮೊದಲು ಎಷ್ಟು ರೂಟರ್ ಸುಡ್ತದೆ ಅಂತ ಹೇಳಬೇಕಾ? ಹೊಸ ಪೆಟ್ಟಿಗೆ ಬಂತು, ಹಾಕಿದವರು ಅಪ್ಪನ ಮೊಬೈಲ್ ನಂಬರ್ ಇಟ್ಟು ಹೋದರು. ಅವರು ಹೋದ ಮೇಲೆ ನಾನೇ ಕೂತು ನಮ್ಮ ಹಳೆಯ ವೈಫೈ ಹೆಸರು ಮತ್ತು ಹಳೆಯ ಪಾಸ್‌ವರ್ಡನ್ನೇ ಅಕ್ಷರಶಃ ಹಾಕಿದೆ. ಟಿವಿ, ಪ್ರಿಂಟರ್, ಫೋನ್ ಎಲ್ಲ ತಾವಾಗಿ ಸೇರಿಕೊಂಡವು. ಸುಟ್ಟ ಪೆಟ್ಟಿಗೆ ನಮ್ಮದೇ, ಅಟ್ಟದಲ್ಲಿ ಉಂಟು. ಪೆಟ್ಟಿಗೆ ಬದಲಾದರೂ ಪಾಲುದಾರರು ಬದಲಾಗಿಲ್ಲ.

ಜೂನ್ 4. ಮೇಲಿನ ಮನೆಯ ಬಾಡಿಗೆಯವರು ಹೋದರು, ಅವರಿಗೆ ಮುಖ್ಯ ಪಾಸ್‌ವರ್ಡ್ ಗೊತ್ತಿತ್ತು. ಅದೇ ಸಂಜೆ ಬದಲಿಸಿದೆವು.

ಆಗಸ್ಟ್ 9. ತಮ್ಮನ ಫೋನ್ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು. ಸ್ಕ್ರೀನ್ ಲಾಕ್ ಇರಲಿಲ್ಲ. ಮೊದಲು ಸಿಮ್, ಆಮೇಲೆ ಯುಪಿಐ, ಮೇಲ್, ಕೊನೆಗೆ ವೈಫೈ ಬದಲಿಸಿದೆವು. ಲಾಕ್ ಇದ್ದಿದ್ದರೆ ವೈಫೈಗೆ ಅಷ್ಟು ಅವಸರ ಇರಲಿಲ್ಲ.

ಅಕ್ಟೋಬರ್. "ಕೋಟಿಗಟ್ಟಲೆ ಪಾಸ್‌ವರ್ಡ್ ಸೋರಿಕೆ, ಕೂಡಲೇ ಎಲ್ಲ ಬದಲಿಸಿ" ಎಂಬ ಫಾರ್ವರ್ಡ್. ಅಂಥ ಸೋರಿಕೆಯಲ್ಲಿ ಇರುದು ಆನ್‌ಲೈನ್ ಖಾತೆಗಳ ಪಾಸ್‌ವರ್ಡ್. ನಮ್ಮ ವೈಫೈಯದ್ದನ್ನು ಬೇರೆಲ್ಲೂ ಬಳಸಿಲ್ಲ. ಬದಲಿಸಲಿಲ್ಲ.

ಡಿಸೆಂಬರ್ 20. ತಮ್ಮ ಕ್ರಿಕೆಟ್ ಗ್ರೂಪಿಗೆ ಮುಖ್ಯ ವೈಫೈಯ ಕ್ಯೂಆರ್ ಸ್ಕ್ರೀನ್‌ಶಾಟ್ ಹಾಕಿದ. ಬೈಗುಳ ಕೊಟ್ಟು ಬದಲಿಸಿದೆವು.

ಮಾವನ ಲೆಕ್ಕದಲ್ಲಿ ಹನ್ನೆರಡು ಸಲ ಬದಲಿಸಬೇಕಿತ್ತು. ಆದರೂ ಒಂದನೇ ತಾರೀಕಿಗೆ ಕಾಯುತ್ತಾ ಜೂನಿನಲ್ಲಿ 27 ದಿನ, ಆಗಸ್ಟಿನಲ್ಲಿ 23, ಡಿಸೆಂಬರಿನಲ್ಲಿ 12, ಒಟ್ಟು 62 ದಿನ ಬಾಗಿಲು ತೆರೆದೇ ಇರುತ್ತಿತ್ತು. ಕೆಲಸ ನಾಲ್ಕು ಪಟ್ಟು, ಅದೂ ತಡವಾಗಿ.

---

ಭಾಗ 8/10

ಬದಲಿಸಬೇಕಾದ ದಿನ ಬಂತು ಅಂತಿಟ್ಟುಕೊಳ್ಳಿ. ಅಜ್ಜಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು, ಅದಕ್ಕೆ ನಾವೀಗ ಮಾಡುವ ಕ್ರಮ ಇದು.

ಮೊದಲು ಕಾಗದ, ಪೆನ್ನು. ರೂಟರ್ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ `192.168.1.1`, ಇಲ್ಲದಿದ್ದರೆ ಪೆಟ್ಟಿಗೆಯ ಹಿಂದಿನ ಸ್ಟಿಕರಿನಲ್ಲಿ ಇರುತ್ತದೆ. ಸೇರಿಕೊಂಡ ಸಾಧನಗಳ ಪಟ್ಟಿ ನೋಡಿ ಒಂದೊಂದನ್ನೂ ಬರೆಯಿರಿ. ಹೆಸರು ಅರ್ಥವಾಗದಿದ್ದರೆ ಮನೆಯ ಫೋನುಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ, ಯಾವುದು ಪಟ್ಟಿಯಿಂದ ಮಾಯವಾಗುತ್ತದೆ ನೋಡಿ. ಎಲ್ಲ ಆಫ್ ಆದಮೇಲೂ ಉಳಿಯುವವು ಟಿವಿ, ಕ್ಯಾಮೆರಾದ ಹಾಗಿನವು, ಅಥವಾ ಹೊರಗಿನವರು.

ಎರಡನೆಯದು, ಬದಲಿಸುವಾಗ ಎರಡೂ ಕಡೆ ಬದಲಿಸಿ. ಈಗಿನ ಹೆಚ್ಚಿನ ಪೆಟ್ಟಿಗೆ ಎರಡು ವೈಫೈ ಹೊರಡಿಸುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡಕ್ಕೂ ಬೇರೆ ಬೇರೆ ಪುಟ ಇರಬಹುದು. ಮೂಡುಬಿದಿರೆಯ ಪಿಜಿಯಲ್ಲಿ ಅಂಕಲ್ ಮೊದಲ ಸಲ ಒಂದನ್ನು ಮಾತ್ರ ಬದಲಿಸಿದ್ದರು, ಸೀನಿಯರ್ಸ್ ಎಲ್ಲ ಇನ್ನೊಂದರಲ್ಲಿ ಆರಾಮವಾಗಿ ಇದ್ದರು. ಅಲ್ಲೇ ಡಬ್ಲ್ಯುಪಿಎಸ್ ಎಂಬ ಆಯ್ಕೆ ಕಂಡರೆ ಆಫ್ ಮಾಡಿ. ಪಾಸ್‌ವರ್ಡ್ ಇಲ್ಲದೆ ಎಂಟಂಕಿಯ ಪಿನ್ನಿನಲ್ಲಿ ಒಳಗೆ ಬಿಡುವ ಹಿಂಬಾಗಿಲು ಅದು, ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಆ ಪಿನ್ ಸಿಗುತ್ತದೆ ಎಂದು 2011ರಲ್ಲೇ ತೋರಿಸಿದ್ದಾರೆ.

ಮೂರನೆಯದು, ಪರೀಕ್ಷೆ. ಒಂದು ಫೋನಿನಲ್ಲಿ ವೈಫೈಯನ್ನು ಮರೆಸಿ, ಹಳೆಯ ಪಾಸ್‌ವರ್ಡ್ ಹಾಕಿ ನೋಡಿ. ಎರಡೂ ಹೆಸರಿನಲ್ಲಿ ಸೋಲಬೇಕು.

ನಾಲ್ಕನೆಯದು, ಕಾಗದದ ಪಟ್ಟಿ ಹಿಡಿದು ಪ್ರತಿ ಸಾಧನಕ್ಕೂ ಹೊಸದನ್ನು ಹಾಕಿ ಟಿಕ್ ಮಾಡಿ. ಎಲ್ಲ ಟಿಕ್ ಬೀಳುವ ತನಕ ಮನೆ ಬಿಟ್ಟು ಹೊರಡಬೇಡಿ.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಮರೆತುಹೋಯ್ತು ಅಂತ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದು ವೈಫೈ ಪಾಸ್‌ವರ್ಡನ್ನು ಮಾತ್ರ ಅಳಿಸುದಲ್ಲ, ಕಂಪನಿಯವರು ಹಾಕಿದ ಸಂಪರ್ಕದ ವಿವರಗಳೂ ಹೋಗಬಹುದು. ಆಮೇಲೆ ಮಳೆಯಲ್ಲಿ ಅವರು ಬರುವ ತನಕ ನೆಟ್ಟೇ ಇಲ್ಲ.

---

ಭಾಗ 9/10

ಈ ಕಷ್ಟವನ್ನೆಲ್ಲ ಕಡಿಮೆ ಮಾಡುವ ಒಂದು ಉಪಾಯ ಉಂಟು. ಅಜ್ಜಿ ಮನೆಯಲ್ಲಿ ಈಗ ಹಾಗೇ ಮಾಡಿದ್ದೇವೆ.

ಮುಖ್ಯ ವೈಫೈ, ಅತಿಥಿ ವೈಫೈ ಎರಡನ್ನು ಬೇರೆ ಮಾಡಿ. ಹೆಚ್ಚಿನ ರೂಟರುಗಳಲ್ಲಿ ಗೆಸ್ಟ್ ಅಂತ ಈ ಆಯ್ಕೆ ಇರುತ್ತದೆ. ಮುಖ್ಯದಲ್ಲಿ ಇರುವುದು ಮನೆಗೆ ಅಂಟಿಕೊಂಡವು ಮಾತ್ರ: ಅಜ್ಜಿಯ ಫೋನ್, ಕ್ಯಾಮೆರಾ, ಟಿವಿ. ಅದರ ಪಾಸ್‌ವರ್ಡ್ ಚೀಟಿ ಎತ್ತಿ ಮಾಡಿದ 12 ಅಕ್ಷರ. ಗೊತ್ತಿರುವುದು ಅಮ್ಮನಿಗೆ ಮತ್ತು ಮಾವನಿಗೆ. ಕ್ಯಾಲೆಂಡರಿನಿಂದ ಅಳಿಸಿ, ಒಂದು ಕಾಗದದಲ್ಲಿ ಬರೆದು ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇವೆ. ಬರೆದಿಡುದು ತಪ್ಪಲ್ಲ. ಬಂದವರಿಗೆಲ್ಲ ಕಾಣುವ ಗೋಡೆಯಲ್ಲಿ ಬರೆಯುದು ತಪ್ಪು.

ಉಳಿದವರಿಗೆಲ್ಲ, ರಜೆಗೆ ಹೋಗುವ ನಾನೂ ಸೇರಿ, ಅತಿಥಿ ವೈಫೈ. ಅಡಿಕೆ ಕೊಯ್ಲಿಗೆ ಬರುವವರು, ಕೋಲಕ್ಕೆ ಬರುವ ನೆಂಟರು, ಯಾರಿಗೆ ಬೇಕಾದರೂ ಧಾರಾಳವಾಗಿ ಕೊಡಿ. ಅವರು ಹೋದ ಮೇಲೆ ಅದನ್ನು ಬದಲಿಸಿ, ಇಲ್ಲವೇ ಆಫ್ ಮಾಡಿ. ಅಜ್ಜಿಯ ಫೋನಿಗೆ ಏನೂ ಆಗುದಿಲ್ಲ.

ಅಂದರೆ ಬದಲಾಗುವ ಪಾಸ್‌ವರ್ಡ್ ಬದಲಾದರೆ ತೊಂದರೆ ಆಗದ ಕಡೆ, ಬದಲಾಗದ್ದು ತೊಂದರೆ ಆಗುವ ಕಡೆ. ಇಷ್ಟೇ.

ಒಂದು ನೋಡಿಕೊಳ್ಳಿ. ಅತಿಥಿ ವೈಫೈಯಿಂದ ಮನೆಯ ಸಾಧನಗಳು ಕಾಣದ ಹಾಗೆ ತಡೆಯುವ ಆಯ್ಕೆ ಆನ್ ಇರಬೇಕು. ಕೆಲವು ಪೆಟ್ಟಿಗೆಗಳಲ್ಲಿ ಬರೀ ಹೆಸರು ಬೇರೆ, ಒಳಗೆ ಎಲ್ಲ ಒಂದೇ. ಪರೀಕ್ಷೆ ಸುಲಭ: ಅತಿಥಿ ವೈಫೈಗೆ ಸೇರಿ, ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ. ಲಾಗಿನ್ ಪುಟ ಬಂದರೆ ಗೋಡೆ ಇಲ್ಲ ಅಂತ ತಿಳಿಯಿರಿ. ಆಗ ಅತಿಥಿಯ ಪಾಸ್‌ವರ್ಡನ್ನೂ ಮುಖ್ಯದಷ್ಟೇ ಜಾಗ್ರತೆಯಿಂದ ಕೊಡಬೇಕು.

ಆ ಆಯ್ಕೆಯೇ ಇಲ್ಲದ ಹಳೆಯ ಪೆಟ್ಟಿಗೆಯಾದರೆ ನಿಯಮ ಮತ್ತೆ ಹಳೆಯದೇ. ಯಾರಿಗೆ ಕೊಟ್ಟೆವು ಅಂತ ಲೆಕ್ಕ ಇಡಿ, ಲೆಕ್ಕ ತಪ್ಪಿದ ದಿನ ಬದಲಿಸಿ.

---

ಭಾಗ 10/10

ಕಮೆಂಟಿನಲ್ಲಿ ಬರುವ ವಾದಕ್ಕೆ ಈಗಲೇ ಉತ್ತರ ಕೊಡ್ತೇನೆ. "ನಮಗೆ ಗೊತ್ತೇ ಆಗದೆ ಸೋರಿದ್ದರೆ? ಆಗ ತಿಂಗಳಿಗೊಮ್ಮೆ ಬದಲಿಸಿದ್ದು ಉಪಕಾರ ಆಗುದಿಲ್ವಾ?"

ಆಗ್ತದೆ. ನಾನು ಸುಳ್ಳು ಹೇಳುದಿಲ್ಲ. ಗೊತ್ತಾಗದ ಸೋರಿಕೆ ಇದ್ದರೆ ತಾರೀಕಿನ ನಿಯಮ ಅದನ್ನು ಒಂದು ದಿನ ಮುಚ್ಚುತ್ತದೆ, ಹೊಸದು ಹಳೆಯದರ ತಮ್ಮ ಅಲ್ಲದಿದ್ದರೆ. ಆದರೆ ಸೋರಿದೆಯಾ ಅಂತ ನೋಡಲು ಐದು ನಿಮಿಷದ ದಾರಿ ಇರುವಾಗ, ಕಣ್ಣುಮುಚ್ಚಿ ಹನ್ನೆರಡು ಸಲ ಬೀಗ ಬದಲಿಸುದು ಯಾಕೆ? ಮೂರು ನಾಲ್ಕು ತಿಂಗಳಿಗೊಮ್ಮೆ ಸಾಧನಗಳ ಪಟ್ಟಿ ಎಣಿಸಿ. ಮನೆಯ ಲೆಕ್ಕಕ್ಕಿಂತ ಹೆಚ್ಚು ಕಂಡರೆ ಅದೇ ಘಟನೆ, ಅವತ್ತೇ ಬದಲಿಸಿ. ಹೊಂದಾಣಿಕೆ ಪಟ್ಟಿ ಅಂತ ನಾವು ಪರೀಕ್ಷೆಯಲ್ಲಿ ಬರೆಯುವುದೂ ಇದನ್ನೇ. ಪಾಸ್ ಪುಸ್ತಕಕ್ಕೂ ನಗದು ಪುಸ್ತಕಕ್ಕೂ ತಾಳೆ ನೋಡ್ತೇವೆ, ತಿಂಗಳಿಗೊಮ್ಮೆ ಬ್ಯಾಂಕ್ ಬದಲಿಸುದಿಲ್ಲ.

ಪಿಜಿಯವರಿಗೆ ಬೇರೆ ಮಾತು. ಅಲ್ಲಿ ಜನ ಬಂದು ಹೋಗುತ್ತಲೇ ಇರ್ತಾರೆ. ಸೆಮಿಸ್ಟರ್ ಮುಗಿದಾಗ ಒಮ್ಮೆ ಬದಲಿಸಿ. ಅದು ತಾರೀಕಿನ ನಿಯಮ ಅಲ್ಲ, ಅವತ್ತು ನಿಜವಾಗಿ ಜನ ಹೋಗಿದ್ದಾರೆ. ನನ್ನ ಫ್ರೆಂಡಿನ ಪಿಜಿಯಲ್ಲಿ ಎರಡೂ ವೈಫೈ ಬದಲಿಸಿದ ರಾತ್ರಿ ಪಟ್ಟಿ 41ರಿಂದ 22ಕ್ಕೆ ಇಳಿಯಿತು. ಒಬ್ಬ ಊರಿಗೆ ಹೋಗಿದ್ದ. ಅಸೈನ್‌ಮೆಂಟ್ ಅಪ್‌ಲೋಡ್ ಆಯ್ತು. ನೂರು ರೂಪಾಯಿ ಮಾತ್ರ ಅಂಕಲ್ ಇನ್ನೂ ಕಡಿಮೆ ಮಾಡಿಲ್ಲ.

ಇವತ್ತು ರಾತ್ರಿ ನೀವು ಮಾಡಬೇಕಾದ್ದು ಒಂದೇ. ಮನೆಯ ವೈಫೈ ಪಾಸ್‌ವರ್ಡ್ ಯಾರದ್ದಾದರೂ ಮೊಬೈಲ್ ನಂಬರಾ ನೋಡಿ. ಹೌದಾದರೆ ನಾಳೆ ಬೆಳಗ್ಗೆ ಎಲ್ಲರೂ ಮನೆಯಲ್ಲಿರುವಾಗ ಕಾಗದ ಹಿಡಿದು ಕೂತು ಬದಲಿಸಿ. ಅಲ್ಲವಾದರೆ ಪಟ್ಟಿ ಎಣಿಸಿ ಮಲಗಿ.

ಮತ್ತೆ ಆ ಫಾರ್ವರ್ಡ್ ಬಂದರೆ ಗುಲಾಬಿ ಹಾಕಬೇಡಿ. "ಯಾರು ಹೋದರು, ಯಾಕೆ ಬದಲಿಸಬೇಕು?" ಅಂತ ಒಂದು ಪ್ರಶ್ನೆ ಹಾಕಿ.

ಅಜ್ಜಿ ಈಗ ಆರಾಮ ಇದ್ದಾರೆ. ಅಂಗಳಕ್ಕೆ ಅಡಿಕೆ ಸೋಗೆ ಹಾಸಿದ್ದೇವೆ. ನಿನ್ನೆ ರಾತ್ರಿ ಅವರೇ ಕಾಲ್ ಮಾಡಿದ್ದರು, ಊಟ ಆಯ್ತಾ ಅಂತ ಕೇಳಲಿಕ್ಕೆ.

#ವೈಫೈ #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಬಿಕಾಂಲೆಕ್ಕ